ಚೆಲ್ಲಮ್ಮಾಳ್ ಮೂರು ಸಲ ಅಂದದ್ದು

೧೯೯೪ರಲ್ಲಿ ಮಸ್ಕಿಯ ವಿಡಿಯೋ ಅಂಗಡಿಯೊಂದರಲ್ಲಿ ದಾವಲ್‌ಬೀ ಟೀಚರು ಸಾಕ್ಷ್ಯಚಿತ್ರಕ್ಕೆ ಪರದೆಯ ಮೇಲೆ ಬರುವ ಕನ್ನಡ ಅಡಿಬರಹ ಬರೆಯುತ್ತಿದ್ದರು. ಅವರು ಕಲ್ಲುಕ್ವಾರಿಯ ತಮಿಳರ ಗುಡಿಸಲುಗಳ ನಡುವೆ ಬೆಳೆದವರು.

ಟಿವಿಯಲ್ಲಿ, ಅದೇ ಕ್ವಾರಿಯ ಕಲ್ಲು ಒಡೆಯುವ ಕೆಲಸದ ಚೆಲ್ಲಮ್ಮಾಳ್, ಗುಡಿಸಲು ಬಿಡಿಸುವ ಕಾಗದಕ್ಕೆ ಹೆಬ್ಬೆಟ್ಟು ಕೇಳಲು ಬಂದಿದ್ದ ಮೂವರಿಗೆ ತಾನು ಕೊಟ್ಟ ಉತ್ತರವನ್ನು ಅಭಿನಯಿಸಿ ತೋರಿಸುತ್ತಿದ್ದಳು: "ಆಗೂದಿಲ್ಲ! ಮುಡಿಯಾದು! ನೋ!"

"ಮೂರೂ ಒಂದೇ ಅರ್ಥ," ಎಂದರು ಬೆಂಗಳೂರಿನ ನಿರ್ದೇಶಕ ಶ್ರೀಧರಮೂರ್ತಿ. "‘ಆಗುವುದಿಲ್ಲ’ ಅಂತ ಒಂದೇ ಸಲ ಹಾಕಿ. ಓದೋಕೆ ಸಮಯ ಬೇಕು."

ಟೀಚರು ಕ್ಯಾಸೆಟ್ ಹಿಂದಕ್ಕೆ ಸುತ್ತಿದರು. "ಮುಖಾ ನೋಡ್ರಿ. ಪ್ರತಿ ಸಲ ಬ್ಯಾರೆ ಕಡೆ ತಿರುಗ್ಯಾಳ. ಕನ್ನಡ ಮುನೀಮಗ, ತಮಿಳು ತಮ್ಮ ಮಂದಿಯ ಮೇಸ್ತ್ರಿಗೆ, ಇಂಗ್ಲಿಷು ಸಾಹೇಬಗ. ಒಬ್ಬರಿಗೂ ತಪ್ಪಿಸಿಕೊಳ್ಳಾಕ ಬಿಟ್ಟಿಲ್ಲ. ನೀವ್ಯಾಕ ಇಬ್ಬರನ್ನ ಬಿಡ್ತೀರಿ?"

"ಜಾಗ ಇಲ್ಲ ಮೇಡಂ. ತಕ್ಷಣ ನನ್ನ ಪ್ರಶ್ನೆ ಬರುತ್ತೆ, ಅದೂ ಎರಡು ಸಾಲು."

"ನಿಮ್ಮ ಪ್ರಶ್ನಿ ತಗೀರಿ. ಕನ್ನಡದಾಗ ಕೇಳೀರಿ, ಜನಕ್ಕ ಕಿವಿ ಐತಿ."

"ನಿರ್ದೇಶಕ ನಾನು."

"ಮಾತು ಆಕೀದು. ಒಂದಾ ಹಾಕೋದಾದ್ರ ನನ್ನ ಹೆಸರು ಬ್ಯಾಡ, ನಾ ಬರ್ದ ಈ ಹಾಳಿನೂ ಕೊಡೂದಿಲ್ಲ."

ಶ್ರೀಧರಮೂರ್ತಿ ಆ ತುಣುಕನ್ನು ಮತ್ತೆ ಎರಡು ಸಲ ನೋಡಿದರು. ಆಮೇಲೆ ತಾವೇ ಪೆನ್ನು ತೆಗೆದು ಹಾಳೆಯಲ್ಲಿದ್ದ ತಮ್ಮ ಪ್ರಶ್ನೆಯ ಮೇಲೆ ಅಡ್ಡಗೆರೆ ಎಳೆದರು. ಟೀಚರು ಒಂದೊಂದು ಮಾತಿನ ವೇಳೆ ಗುರುತಿಸಿ, ಬೇರೆ ಬೇರೆಯಾಗಿ ಬರೆದರು: ‘ಆಗೂದಿಲ್ಲ.’ ‘ನನ್ನಿಂದಾಗದು.’ ‘ನೋ.’

ಲಿಂಗಸುಗೂರಿನ ಪ್ರದರ್ಶನದಲ್ಲಿ ಆ ಮೂರು ಪದಗಳು ಒಂದರ ಹಿಂದೊಂದು ಮೂಡಿದಾಗ, ಓದು ಬಾರದ ಚೆಲ್ಲಮ್ಮಾಳ್ ಪಕ್ಕದಲ್ಲಿದ್ದ ಟೀಚರನ್ನು ಕೇಳಿದಳು: "ಎಲ್ಲಾ ಬರ್ದೀಯೇನು?"

"ಎಲ್ಲಾ ಬರ್ದೀನಿ."

ಚೆಲ್ಲಮ್ಮಾಳ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಕೂತಳು.