ಚೌಕಟ್ಟಿಲ್ಲದ ಲೋಡು

ಲಾರಿಯ ತಾಡಪತ್ರಿ ಸರಿಸಿದ ಚಾರುಲತಾ ಕಲ್ಲಿನಂತೆ ನಿಂತುಬಿಟ್ಟಳು. ಆಲಿಕಲ್ಲಿಗೆ ಒಡೆದ ಸೋಲಾರ್ ಪ್ಯಾನೆಲ್‌ಗಳು ಲಾರಿ ತುಂಬ ಇದ್ದವು, ನಿಜ. ಆದರೆ ಒಂದಕ್ಕೂ ಅಲ್ಯುಮಿನಿಯಂ ಚೌಕಟ್ಟಿಲ್ಲ. ಬೆನ್ನಿಗಿರುವ, ಕರೆಂಟಿನ ವೈರು ಹೊರಡುವ ಡಬ್ಬಿಯನ್ನೂ ತಾಮ್ರದ ವೈರಿನ ಸಮೇತ ಕಿತ್ತಿದ್ದರು. ನಡುವಿನ ಗುಜರಿಯವರು ದುಡ್ಡಾಗುವುದನ್ನೆಲ್ಲ ಬಾಚಿಕೊಂಡು, ಮದುವೆಮನೆಯ ಎಂಜಲೆಲೆಯ ಹಾಗೆ ಬರಿ ಗಾಜಿನ ಹಾಳೆಗಳನ್ನು ಇವಳ ಬಾಗಿಲಿಗೆ ಕಳಿಸಿದ್ದರು. ಅವರ ಮನೆ ಹಾಳಾಗ!

ಹಿಂಗಣಾ ಕೈಗಾರಿಕಾ ಪ್ರದೇಶದಲ್ಲಿ ಹಳೇ ಪ್ಯಾನೆಲ್ ಬಿಚ್ಚುವ ಈ ಶೆಡ್ಡು ಉಳಿಯಬೇಕಾದರೆ ಇದೊಂದು ಲೋಡು ಸರಿಯಾಗಿ ಬರಬೇಕಿತ್ತು. ಕಾಲೇಜಿನ ರಸಾಯನಶಾಸ್ತ್ರದ ನೌಕರಿ ಬಿಟ್ಟು, ಮೈದುನ ಮಧ್ವೇಶನನ್ನೂ ಎಳೆತಂದು, ಹಟ ಹಿಡಿದು ಕಟ್ಟಿದ ಶೆಡ್ಡು. ಪ್ಯಾನೆಲ್‌ನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮೊದಲು ಕೆರೆದು ತೆಗೆಯಬೇಕು. ಅದು ಸುಟ್ಟರೆ ವಿಷದ ಹೊಗೆ. ಆಮೇಲೆ ಕುಲುಮೆಗಿಟ್ಟರೆ ನಡುವಿನ ಅಂಟು ಉರಿದುಹೋಗಿ ಗಾಜು ಬೇರೆ, ಸಿಲಿಕಾನ್ ಬಿಲ್ಲೆ ಬೇರೆ. ಬಿಲ್ಲೆಯ ಮೇಲಿನ ಕೂದಲೆಳೆಯಂಥ ಗೆರೆಗಳಲ್ಲಿ ಬೆಳ್ಳಿಯಿದೆ, ಆಸಿಡ್ಡಿನಲ್ಲಿ ಕರಗಿಸಿ ತೆಗೆಯಬಹುದು. ಒಮ್ಮೆ ತೆಗೆದೂ ಇದ್ದಳು. ಮೆಣಸಿನಕಾಳಿನಷ್ಟು ಬೆಳ್ಳಿಯನ್ನು ಅಂಗೈ ಮೇಲಿಟ್ಟುಕೊಂಡು ಇಡೀ ದಿನ ಹಿಗ್ಗಿದ್ದಳು, ಹುಚ್ಚಿ. ಆದರೆ ಕುಲುಮೆಯ ಖರ್ಚು ಹೊರುವುದು ಬೆಳ್ಳಿಯಲ್ಲ, ಚೌಕಟ್ಟು ಮಾರಿದ ದುಡ್ಡು. ಗಾಜನ್ನಾದರೂ ಕೊಳ್ಳಿ ಎಂದು ಗಾಜಿನ ಕಾರ್ಖಾನೆಗೆ ಅಲೆದರೆ, ಇದರಲ್ಲಿ ಆಂಟಿಮನಿ ಎಂಬ ವಿಷಧಾತು ಬೆರೆತಿದೆ, ನಮಗೆ ಬೇಡ ಎಂದರು.

ಬಾಡಿಗೆ ಜಾಗದ ಮಾಲೀಕ ಖಾಲಿ ಮಾಡಿ ಎಂದು ಆಗಲೇ ಹೇಳಿಯಾಗಿತ್ತು. ಅಂಗಳದಲ್ಲಿ ಇಂಥವೇ ರಾಶಿಗಳು, ಈಗ ಮೇಲಿಂದ ಇದೊಂದು.

"ವೈನಿ, ಎಲ್ಲಾರೂ ಹಳೇ ಖಣಿಗೇ ಒಯ್ದು ಸುರೀತಾರ್ರೀ," ಎಂದ ಮಧ್ವೇಶ, ಅವಳ ಮುಖ ನೋಡದೆ. "ನಾವೊಬ್ರೇ ಎಷ್ಟಂತ ಜಗ್ಗೋದು?"

ಹಾಗೆ ಸುರಿಯುವವರನ್ನು ಇವಳು ಬೈಯದ ದಿನವಿರಲಿಲ್ಲ. ಬೆಸುಗೆಯ ಸೀಸ ಮಳೆನೀರಿನ ಜೊತೆ ಬಾವಿಗಿಳಿಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವಳು ಇವತ್ತು ತಾಡಪತ್ರಿಯನ್ನು ಮತ್ತೆ ಎಳೆದು ಕಟ್ಟಿದಳು. ಲಾರಿ ಹತ್ತಿ ಚಾಲಕನ ಪಕ್ಕ ಕೂತು ಖಣಿಯ ದಾರಿ ಹೇಳಿದಳು.

ಪಾಳುಬಿದ್ದ ಕಲ್ಲಿನ ಖಣಿಯಲ್ಲಿ ರಣಬಿಸಿಲು. ಲಾರಿ ಸುರಿದ ಮೇಲೆ ಮಧ್ವೇಶ, ಕೈ ಸುಮ್ಮನಿರದೆ, ಮೇಲಿದ್ದ ಒಂದು ಹಾಳೆಯ ಬೆನ್ನಿನಿಂದ ಇಣುಕುತ್ತಿದ್ದ ಎರಡು ಲೋಹದ ಪಟ್ಟಿಗಳಿಗೆ ಕರೆಂಟ್ ಅಳೆಯುವ ಮೀಟರಿನ ತಂತಿ ಹಚ್ಚಿದ. ಗಾಜು ಪುಡಿಪುಡಿಯಾಗಿ ಅಂಟಿಕೊಂಡಿತ್ತು. ಆದರೂ ಮೀಟರಿನಲ್ಲಿ ಅಂಕಿ ಎದ್ದಿತು.

"ಇದರಾಗ ಇನ್ನೂ ಕರೆಂಟ್ ಅದರೀ, ವೈನಿ."

ಚಾರುಲತಾ ಆ ಅಂಕಿಯನ್ನು ನೋಡಿದಳು. ಸತ್ತವು ಎಂದುಕೊಂಡೇ ತಂದು ಸುರಿದಿದ್ದಳಲ್ಲ. ಕಣ್ಣು ತುಂಬಿ ಬಂತು.

"ಬೋರಲ ಹಾಕು, ಬಿಸಿಲು ಬೀಳೋದು ಬ್ಯಾಡ," ಎಂದಳು.

ಅವನಿಗೆ ಕೈ ಬರಲಿಲ್ಲ. ಅವಳೇ ಸೆರಗು ಸಿಕ್ಕಿಸಿ, ಕೈಗೆ ಗಾಜಿನ ಚೂರು ಚುಚ್ಚಿಸಿಕೊಂಡು, ಹಾಳೆಯನ್ನು ಮಗುಚಿ ಮುಖ ಮಣ್ಣಿಗೆ ಮಾಡಿದಳು. ಮೀಟರಿನ ಅಂಕಿ ಇಳಿಯಿತು. ಆಮೇಲೆ ಅದರ ಪಕ್ಕದ್ದಕ್ಕೆ ಕೈ ಹಾಕಿದಳು.