ಮುಚ್ಚಿಟ್ಟ ಕಾಮೆಂಟು

ಮಾಗಡಿಯ ಬಸ್ ಸ್ಟ್ಯಾಂಡಿನ ಎದುರು, ಮಹಡಿ ಮೇಲಿನ ಫೋಟೊ ಸ್ಟುಡಿಯೊದಲ್ಲಿ ರಾಧಾಮಣಿಗೆ ಎರಡು ಕೆಲಸ. ಕಂಪ್ಯೂಟರಿನಲ್ಲಿ ಮದುವೆ ಆಲ್ಬಂ ಜೋಡಿಸುವುದು ಒಂದು, ಸ್ಟುಡಿಯೊದ ಫೇಸ್‌ಬುಕ್ ಪೇಜು ನೋಡಿಕೊಳ್ಳುವುದು ಇನ್ನೊಂದು. ಎರಡೂ ಒಂದೇ ಕೆಲಸ ಎಂದು ಅವಳು ನಗುತ್ತಿದ್ದಳು. ಅಲ್ಲಿ ಮದುಮಗಳ ಮೊಡವೆ ಅಳಿಸಬೇಕು, ಇಲ್ಲಿ ಮಂದಿಯ ಹೊಲಸು ಬಾಯಿ.

ಪೇಜಿಗೆ ನಿಯಮಗಳನ್ನು ಬರೆದವಳೂ ಅವಳೇ. ಬೈಗುಳ ಕಂಡರೆ ಅಳಿಸುವುದು, ಮೂರನೇ ಸಲಕ್ಕೆ ಆಸಾಮಿಯನ್ನೇ ಹೊರಗೆ ಹಾಕುವುದು. ಜಾತಿ, ಪಕ್ಷ ಅಂತ ಕಿತ್ತಾಟ ಶುರುವಾದರೆ ಇಬ್ಬರಿಗೂ ಒಂದೇ ಮಾತಿನ ಎಚ್ಚರಿಕೆ. ಯಾರದಾದರೂ ಮನೆಯ ವಿಚಾರ ಬಂದರೆ ಹೈಡ್ ಮಾಡಿ, ಬರೆದವರಿಗೆ ಇನ್‌ಬಾಕ್ಸಿನಲ್ಲಿ ಸ್ಟುಡಿಯೊಗೆ ಫೋನ್ ಮಾಡಿ ಎಂದು ತಿಳಿಸುವುದು. ಇಷ್ಟನ್ನೂ ಪೇಜಿನ ನೆತ್ತಿಯಲ್ಲಿ ಪಿನ್ ಮಾಡಿದ್ದಳು. ಅದನ್ನು ಓದಿದವರು ಯಾರೂ ಇಲ್ಲ. ಮದುವೆ ಫೋಟೊ ನೋಡಲು ಬಂದವರು ಫೋಟೊ ನೋಡುತ್ತಾರೆಯೇ ಹೊರತು ನಿಯಮ ಓದುತ್ತಾ ಕೂರುತ್ತಾರೆಯೇ?

ಆ ಮೂರನೇ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷದ ಹಿಂದೆ ನಿಶ್ಚಿತಾರ್ಥದ ಫೋಟೊ ಒಂದರ ಕೆಳಗೆ ಯಾವನೋ ಹುಡುಗಿಯ ಬಗ್ಗೆ ಇಲ್ಲದ್ದು ಬರೆದು, ಸಂಬಂಧವೇ ಮುರಿದುಬಿದ್ದಿತ್ತು. ಹುಡುಗಿಯ ಸೋದರಮಾವ ಬಂದು ಕೌಂಟರಿನ ಗಾಜು ಒಡೆದು ಹೋಗಿದ್ದ. ಆಗಲೇ ಮಾಲೀಕ ನಂಜುಂಡಯ್ಯ ಹೇಳಿದ್ದು, ಇಂಥವನ್ನು ಅಳಿಸಬೇಡ, ಹೈಡ್ ಮಾಡು ಎಂದು. ಅಳಿಸಿದರೆ ಬರೆದವನಿಗೆ ತಿಳಿಯುತ್ತದೆ, ಜಗಳಕ್ಕೆ ಬರುತ್ತಾನೆ. ಹೈಡ್ ಮಾಡಿದರೆ ಅವನಿಗೂ ಅವನ ಫ್ರೆಂಡ್‌ಗಳಿಗೂ ಕಾಮೆಂಟು ಇದ್ದ ಹಾಗೇ ಕಾಣುತ್ತದೆ, ಉಳಿದ ಲೋಕಕ್ಕೆ ಕಾಣುವುದಿಲ್ಲ. ಹಾವೂ ಸಾಯದ ಕೋಲೂ ಮುರಿಯದ ಈ ಉಪಾಯ ರಾಧಾಮಣಿಗೆ ಹಿಡಿಸಿತ್ತು.

ಎರಡು ಸಾವಿರದ ಹದಿನಾರರ ಮೇ ತಿಂಗಳು. ಸೋಲೂರಿನ ಚಲುವಯ್ಯನವರ ಮಗಳು ಅಮೂಲ್ಯಳ ನಿಶ್ಚಿತಾರ್ಥದ ಫೋಟೊಗಳನ್ನು ಪೇಜಿಗೆ ಹಾಕಿದ ಮರುದಿನ, ಮಂಗಳವಾರ, ಒಂದು ಕಾಮೆಂಟು ಬಂತು. ‘ಈ ದೇವರಾಜ್‌ಗೆ ಮದುವೆಯಾಗಿ ಮಗು ಐತೆ. ನಾನೇ ಹೆಂಡತಿ. ದಯವಿಟ್ಟು ಯಾರಾದರೂ ಹುಡುಗಿ ಮನೆಯವರಿಗೆ ತಿಳಿಸಿ.’ ಬರೆದವಳ ಹೆಸರು ಗಂಗಾ ಎಂದಿತ್ತು, ಮುಖದ ಜಾಗದಲ್ಲಿ ದಾಸವಾಳದ ಹೂವು. ವರ ದೇವರಾಜ್ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗ, ಕ್ಯಾಮೆರಾ ಮುಂದೆ ತಲೆ ತಗ್ಗಿಸಿ ನಿಂತಿದ್ದವನು. ಇನ್ಯಾರೋ ಹೊಟ್ಟೆಕಿಚ್ಚಿನವರು ಎಂದುಕೊಂಡು ರಾಧಾಮಣಿ ಎರಡೇ ನಿಮಿಷದಲ್ಲಿ ಹೈಡ್ ಮಾಡಿದಳು. ಇನ್‌ಬಾಕ್ಸಿಗೆ ಬರೆಯಬೇಕಿತ್ತು. ಬರೆಯಲಿಲ್ಲ. ಅಂದು ಮೂರು ಆಲ್ಬಂ ಪ್ರಿಂಟಿಗೆ ಹೋಗಬೇಕಿತ್ತು, ಹೂವಿನ ಮುಖದವರಿಗೆ ಪತ್ರ ಬರೆಯುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಮುಂದೆ ಅವಳಿಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತೇನೋ.

ಹನ್ನೆರಡು ದಿನ ಕಳೆದು, ಭಾನುವಾರ, ಅಮೂಲ್ಯಳ ಮದುವೆ ಆಯಿತು. ಫೋಟೊ ತೆಗೆಯುವವರ ಜೊತೆ ರಾಧಾಮಣಿಯೂ ಛತ್ರಕ್ಕೆ ಹೋಗಿದ್ದಳು.

ಬುಧವಾರ ಮಧ್ಯಾಹ್ನ ರಾಧಾಮಣಿ ಧಾರೆಯ ಫೋಟೊ ಜೋಡಿಸುತ್ತಿದ್ದಾಗ, ಕಂಕುಳಲ್ಲಿ ಎರಡು ವರ್ಷದ ಹೆಣ್ಣುಮಗುವನ್ನಿಟ್ಟುಕೊಂಡು ಒಬ್ಬಳು ಮೆಟ್ಟಿಲು ಹತ್ತಿ ಬಂದಳು. ಹೆಸರು ಗಂಗಲಕ್ಷ್ಮಮ್ಮ, ತಿಪ್ಪಸಂದ್ರದವಳು, ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಕೆಂಗಲ್ ಆಂಜನೇಯನ ಗುಡಿಯಲ್ಲಿ ದೇವರಾಜ್ ತಾಳಿ ಕಟ್ಟಿದಾಗ ಇದ್ದವರು ನಾಲ್ಕೇ ಜನ. ಆರು ತಿಂಗಳಿಂದ ಅವನು ಮನೆ ಕಡೆ ತಲೆ ಹಾಕಿಲ್ಲ. ಅವಳು ಕೂಗಾಡಲಿಲ್ಲ. ಗಂಡನ ಮದುವೆ ಫೋಟೊ ಒಂದು ಪ್ರಿಂಟ್ ಬೇಕು, ವಕೀಲರು ಕೇಳಿದ್ದಾರೆ ಎಂದಳು.

ಮೊದಲೇ ಯಾಕೆ ಬಂದು ಹೇಳಲಿಲ್ಲ ಎಂದು ರಾಧಾಮಣಿ ಕೇಳಿದಳು. ಕೇಳುವಾಗಲೇ ಅವಳಿಗೆ ಆ ದಾಸವಾಳದ ಹೂವು ನೆನಪಾಗಿತ್ತು.

“ಬರ್ದಿದ್ನಲ್ಲವ್ವ, ಎಲ್ರೂ ನೋಡ್ಲಿ ಅಂತ,” ಎಂದು ಗಂಗಲಕ್ಷ್ಮಮ್ಮ ಫೋನು ತೆಗೆದು ತೋರಿಸಿದಳು. “ನೋಡಿ, ಇನ್ನೂ ಐತೆ. ನಮ್ ಹೊಲ್ಗೆ ಲೈನಿನ ಹುಡುಗೀರು ಲೈಕೂ ಒತ್ತವ್ರೆ. ದಿನಾ ನೋಡ್ತಿದ್ದೆ. ಒಬ್ರೂ ಏನೂ ಅನ್ನಲಿಲ್ಲ. ಓದ್ಕಂಡೂ ಮದ್ವೆ ಮಾಡ್ತಾವ್ರಲ್ಲ, ಇಂಥೋರ್ ಬಾಗ್ಲಿಗೋಗಿ ನಾನ್ಯಾಕೆ ಅಳ್ಬೇಕು ಅಂತ ಸುಮ್ನಾಗ್ಬುಟ್ಟೆ.”

ಕಾಮೆಂಟು ನಿಜವಾಗಿಯೂ ಅಲ್ಲಿತ್ತು, ಅವಳ ಫೋನಿನಲ್ಲಿ. ರಾಧಾಮಣಿ ತನ್ನ ಸ್ವಂತ ಖಾತೆಯಿಂದ ಅದೇ ಫೋಟೊ ತೆರೆದು ಪಕ್ಕದಲ್ಲಿಟ್ಟಳು. ಅದರಲ್ಲಿ ಶುಭಾಶಯಗಳಷ್ಟೇ ಇದ್ದವು. ತಾನು ಮಾಡಿದ್ದನ್ನು ಬಿಡಿಸಿ ಹೇಳಿದಳು. ಗಂಗಲಕ್ಷ್ಮಮ್ಮ ಒಂದು ಫೋನು ನೋಡಿದಳು, ಇನ್ನೊಂದು ನೋಡಿದಳು.

“ಹಂಗಾರೆ ಆ ಹುಡ್ಗೀಗೆ ಗೊತ್ತಿಲ್ವಾ?” ಎಂದಳು ಕೊನೆಗೆ. “ಹನ್ನೆಲ್ಡ್ ದಿನವೂ ಅವಳ್ಗೆ ಶಾಪ ಹಾಕಿದ್ನಲ್ಲವ್ವ.”

ರಾಧಾಮಣಿಗೆ ತಡೆಯಲಾಗಲಿಲ್ಲ. ನಂಜುಂಡಯ್ಯನನ್ನು ಕೇಳುವ ಗೋಜಿಗೂ ಹೋಗದೆ ಕಾಮೆಂಟನ್ನು ಮತ್ತೆ ಎಲ್ಲರಿಗೂ ಕಾಣುವಂತೆ ಮಾಡಿಬಿಟ್ಟಳು. ಮಾಡಿದ ತಪ್ಪನ್ನು ತಿದ್ದಿದೆ ಅನ್ನಿಸಿತು. ಪಾಪ, ತನ್ನ ಕೆಲಸದ ಒಂದು ಚಿಕ್ಕ ಸಂಗತಿ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹೈಡ್ ತೆಗೆದ ಕಾಮೆಂಟು ಇವತ್ತಿನ ತಾರೀಖಿನಲ್ಲಿ ಬರುವುದಿಲ್ಲ. ಬರೆದ ದಿನದ ತಾರೀಖನ್ನೇ ಹೊತ್ತುಕೊಂಡು ತನ್ನ ಹಳೆಯ ಜಾಗದಲ್ಲೇ ಕೂರುತ್ತದೆ, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ.

ಸಂಜೆಯ ಹೊತ್ತಿಗೆ ಸೋಲೂರು ಪೂರ್ತಿ ಓದಿತ್ತು. ಮದುವೆಗೆ ಹನ್ನೆರಡು ದಿನ ಮುಂಚೆಯೇ ಊರಿಗೆಲ್ಲ ಗೊತ್ತಿದ್ದನ್ನು ಮುಚ್ಚಿಕೊಂಡು ಮಗಳನ್ನು ದೂಡಿದರು ಎಂದು ಒಬ್ಬ ಬರೆದ. ಛತ್ರಕ್ಕೆ ಕೊಟ್ಟ ಮುಂಗಡಕ್ಕೆ ಆಸೆಪಟ್ಟರು ಎಂದು ಇನ್ನೊಬ್ಬ. ರಾಧಾಮಣಿ ಒಂದೊಂದನ್ನೂ ಅಳಿಸುತ್ತಾ ಹೋದಳು. ಅಳಿಸಿದಷ್ಟೂ ಬಂದವು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಚಲುವಯ್ಯನವರು ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಅಮೂಲ್ಯ, ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಅಪ್ಪನಿಂದ ಒಂದು ಮಾರು ದೂರ ಕೂತಿದ್ದಳು.

“ಅಪ್ಪಂಗೆ ಮೊದ್ಲೇ ಗೊತ್ತಿತ್ತು ಅಂತಾಳೆ ಕಣವ್ವ ನನ್ ಮಗಳು,” ಎಂದರು ಚಲುವಯ್ಯ. “ರಾತ್ರಿಯಿಂದ ನನ್ ಮುಖ ನೋಡಿಲ್ಲ. ನೀನೊಸಿ ಹೇಳು, ಅದು ನಮ್ ಕಣ್ಗೆ ಯಾಕ್ ಬೀಳ್ಲಿಲ್ಲ ಅಂತ.”

ನಂಜುಂಡಯ್ಯ ರಾಧಾಮಣಿಯನ್ನು ಒಳಗೆ ಕರೆದು, ತಾಂತ್ರಿಕ ದೋಷ ಎಂದು ಬರೆದು ಕೈ ತೊಳೆದುಕೋ ಎಂದ. ಅವಳು ಕಂಪ್ಯೂಟರಿನ ಮುಂದೆ ಕೂತು ತನ್ನ ನಿಯಮಗಳ ಪಿನ್ ತೆಗೆದಳು. ಆ ಜಾಗದಲ್ಲಿ ಹೊಸದೊಂದು ಬರೆದಳು. ‘ಗಂಗಲಕ್ಷ್ಮಮ್ಮನವರ ಕಾಮೆಂಟನ್ನು ಬಂದ ಎರಡು ನಿಮಿಷಕ್ಕೆ ಹೈಡ್ ಮಾಡಿದ್ದು ನಾನು. ನಿನ್ನೆ ಮಧ್ಯಾಹ್ನದವರೆಗೆ ಅದು ಹುಡುಗಿಯ ಮನೆಯವರಿಗೆ ಕಂಡಿಲ್ಲ. ಚಲುವಯ್ಯನವರಿಗೆ ಏನೂ ಗೊತ್ತಿರಲಿಲ್ಲ. ತಪ್ಪು ನನ್ನದು. ಇಂತಿ, ರಾಧಾಮಣಿ.’ ಪಿನ್ ಮಾಡಿ, ಅಪ್ಪ ಮಗಳಿಬ್ಬರನ್ನೂ ಕರೆದು ತೋರಿಸಿದಳು. ಹೈಡ್ ಅಂದರೇನು ಎಂದು ಅವರಿಗೂ ಬಿಡಿಸಿ ಹೇಳಿದಳು.

ಚಲುವಯ್ಯ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಮೂಲ್ಯ ಎರಡು ಸಲ ಓದಿದಳು. ಆಮೇಲೆ ಅಪ್ಪನ ಹತ್ತಿರ ಸರಿದು ಅವರ ತೋಳು ಹಿಡಿದುಕೊಂಡಳು. ಅಷ್ಟಾದರೂ ಉಳಿಯಿತಲ್ಲ ಎಂದು ರಾಧಾಮಣಿಗೆ ಅಳು ಬಂತು.

ಅಮೂಲ್ಯ ಅವಳ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಧಾರೆ ದಿನ ನನ್ ಸೆರಗು ಸರಿ ಮಾಡಿ ಫೋಟೊ ತೆಗೆಸಿದ್ದು ನೀವೇ ಅಲ್ವಾ ಅಕ್ಕ,” ಎಂದಳು. “ಆ ಛತ್ರದಲ್ಲಿ ಆ ಕಾಮೆಂಟ್ ಓದಿದ್ದೋರು ನೀವೊಬ್ರೇ.”

ಅಪ್ಪ ಮಗಳು ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು.