ಬಿಸಿ ಪೈಪಿಗೆ ಬಿಟ್ಟ ಜಾಗ

ಬಂಗಾರಪೇಟೆಯ ಹೊರಗಿನ ಹಾಲಿನ ಘಟಕದಲ್ಲಿ ಕ್ಯಾನ್ ತೊಳೆಯುವ ಕಟ್ಟೆಯ ಹಿಂದಿನ ಇಟ್ಟಿಗೆ ಗೋಡೆ ಬಿರುಕು ಬಿಟ್ಟಿತ್ತು. ಬಾಯ್ಲರಿನ ಬಿಸಿನೀರಿನ ಪೈಪು ಆ ಗೋಡೆಯ ಬ್ರಾಕೆಟ್‌ವರೆಗೆ ಬಂದು, ಅಲ್ಲಿ ಬಾಗಿ ಕೆಳಗಿಳಿಯುತ್ತಿತ್ತು. ಬಾಗಿನಲ್ಲಿ ಎರಡು ಪೈಪುಗಳನ್ನು ಬೋಲ್ಟು ಹಾಕಿ ಕೂಡಿಸಿದ ಫ್ಲಾಂಜಿನಿಂದ ನೀರು ಜಿನುಗುತ್ತಿತ್ತು. ಅದರ ಕೆಳಗೇ ನಿಂತು ಕ್ಯಾನ್ ತೊಳೆಯುವವಳು ಕಲಾ. ಪೈಪು ಹಾಕಿದವನು ಅವಳ ಅಪ್ಪ ಕುಪ್ಪುಸ್ವಾಮಿ, ಹಿಂದೆ ಗಣಿಯಲ್ಲಿ ಪೈಪಿನ ಕೆಲಸ ಮಾಡಿದವನು.

"ನಿಮ್ಮ ಲೂಪು ಸುಮ್ನೆ ಖರ್ಚು ಮೇಡಂ," ಎಂದ ಸೂಪರ್‌ವೈಸರ್ ಶ್ರೀಧರ್. "ನಾಳೆ ಹಾಲಿನ ಲೋಡು ಬತ್ತದೆ. ಬಾಯ್ಲರ್ ಓಡಲೇಬೇಕು. ಕಿತ್ತಾಕಿ ನೇರ ಪೈಪು ಹಾಕ್ಸಾಣ ಬಿಡಿ."

ಬೆಂಗಳೂರಿನಿಂದ ರೈಲಿನಲ್ಲಿ ಬಂದಿದ್ದ ಇಂಜಿನಿಯರ್ ಸುಮಿತಾಗೆ ವಾದಿಸುವ ಚೈತನ್ಯ ಉಳಿದಿರಲಿಲ್ಲ. ಮೂವತ್ತಾರು ಮೀಟರ್ ಉದ್ದದ ಪೈಪು. ತಣ್ಣೀರಿನ ಇಪ್ಪತ್ತು ಡಿಗ್ರಿಯಿಂದ ಎಂಬತ್ತೈದಕ್ಕೆ ಕಾಯ್ದರೆ ಇಪ್ಪತ್ತೆಂಟು ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ನುಂಗಲೆಂದೇ ನಡುವೆ ಪೈಪನ್ನೇ ಹೊರಕ್ಕೆ ತಿರುಗಿಸಿ ತರುವ ಚೌಕಾಕಾರದ ಲೂಪು ಬರೆದುಕೊಟ್ಟಿದ್ದಳು: ಐದಡಿ ಹೊರಕ್ಕೆ, ಎರಡೂವರೆ ಅಡಿ ಅಗಲ, ಐದಡಿ ವಾಪಸ್ಸು. ಗಾಳಿ ಕೂರಬಾರದೆಂದು ಮಲಗಿಸಿಯೇ ಹಾಕಿಸಿದ್ದಳು. ಲೆಕ್ಕ ತಪ್ಪಿತೇ?

ಅವಳು ಏಣಿ ಹತ್ತಿ ಒಂದೊಂದೇ ಬ್ರಾಕೆಟ್ ನೋಡುತ್ತ ಬಂದಳು. ಪೈಪಿಗೆ ಇನ್ನೂ ಹೊದಿಕೆ ಸುತ್ತಿರಲಿಲ್ಲ. ಬ್ರಾಕೆಟ್ಟಿನ ಕೆಂಪು ಬಣ್ಣ ಹೊಸದರಂತೆಯೇ ಇತ್ತು. ಮೂರು ವಾರ ಬಿಸಿನೀರು ಓಡಿದ ಪೈಪು ಅಷ್ಟಿಷ್ಟಾದರೂ ಉಜ್ಜಿ ಬಣ್ಣ ಕಿತ್ತಿರಬೇಕಿತ್ತು. ಪೈಪನ್ನು ಬ್ರಾಕೆಟ್ಟಿಗೆ ಹಿಡಿಸಿದ ಕ್ಲಾಂಪಿನ ಅಂಚಿನಲ್ಲಿ ಕಂಡದ್ದು ವೆಲ್ಡಿಂಗಿನ ಚುಕ್ಕೆ.

"ಕುಪ್ಪುಸ್ವಾಮಣ್ಣ, ಇವನ್ನೆಲ್ಲ ಬಿಗಿದದ್ದು ಯಾರು?"

"ನಾನೇ ಕಣಮ್ಮ." ಅವನು ಸೊಂಟ ಹಿಡಿದು ಎದ್ದ. "ಬೆಳಗ್ಗೆ ಬೆಂಕಿ ಹಚ್ಚಿದ ಕೂಡ್ಲೇ ಕಿರ್ ಅಂತಿತ್ತು. ಎಂಗಸ್ರು ಓಡೋಗೋರು. ಗಣೀಲಿ ಪೈಪು ಅಲ್ಲಾಡ್ತು ಅಂದ್ರೆ ಕೆಳಗಡೆ ಇರೋನು ಸತ್ತ ಅಂತ್ಲೇ ಲೆಕ್ಕ. ಆರಡಿಗೊಂದು ಬಿಗಿದು, ಒಂದೊಂದು ಚುಕ್ಕೆ ಹೊಡ್ದೆ. ಮಗಳು ಕೆಳಗೆ ನಿಲ್ತಾಳಲ್ಲ."

ಸುಮಿತಾ ಏಣಿಯ ಮೇಲೆಯೇ ಕುಳಿತಳು. ಬೈಯಬೇಕೆನಿಸಲಿಲ್ಲ.

"ಗಣೀಲಿ ತಣ್ಣೀರು, ಅಣ್ಣ. ಇದು ದಿನಾ ಬೆಳೆಯೋ ಪೈಪು. ಜಾಗ ಕೊಟ್ಟರೆ ಲೂಪು ಕಡೆ ಸರಿಯುತ್ತೆ, ಲೂಪು ಬಾಗುತ್ತೆ, ತುದಿಗೆ ಬೀಳೋದು ಎರಡು ಮೂರು ಕ್ವಿಂಟಾಲ್. ಎಲ್ಲೂ ಬಿಡದೆ ಹಿಡಿದರೆ ಹತ್ತು ಟನ್ನಿನವರೆಗೂ ಒತ್ತುತ್ತೆ. ತುಂಬಿದ ಲಾರಿಯ ಭಾರ. ಲೂಪಿನ ಪಕ್ಕದ ಕಾಂಕ್ರೀಟ್ ಕಂಬ ತಡ್ಕೊಳ್ತು. ಈ ಕಡೆ ಗೋಡೆ ಸೋತಿತು."

ಕುಪ್ಪುಸ್ವಾಮಿ ಬಿರುಕನ್ನು ನೋಡಿದ, ಆಮೇಲೆ ಮಗಳನ್ನು.

"ಅಂದ್ರೆ ಗೋಡೇನ ಅವಳ ತಲೆ ಮೇಲೆ ನೂಕಿದ್ದು ನಾನೇನಾ?"

"ಬಿಡಪ್ಪೋ," ಎಂದಳು ಕಲಾ. "ಈಗ ಬಿಚ್ಚು, ಸಾಕು. ಅಳೋಕೆ ಟೈಮಿಲ್ಲ."

ಬಾಯ್ಲರ್ ಆರಿಸಿ, ಪೈಪು ತಣ್ಣಗಾಗುವವರೆಗೆ ಕಾದು, ನೀರು ಖಾಲಿ ಮಾಡಿದರು. ಗೋಡೆಗೆ ಮರದ ಆಸರೆ ಕೊಟ್ಟರು. ಕುಪ್ಪುಸ್ವಾಮಿ ಗ್ರೈಂಡರ್ ಹಿಡಿದು ಚುಕ್ಕೆಗಳನ್ನೆಲ್ಲ ಕಡಿದ. ಕ್ಲಾಂಪು ಸಡಿಲಿಸಿ, ಪೈಪು ಉದ್ದಕ್ಕೆ ಜಾರುವಷ್ಟು ಸಂದು ಬಿಟ್ಟ. ಲೂಪಿನ ಅಕ್ಕಪಕ್ಕದ ಕ್ಲಾಂಪುಗಳನ್ನು ಪೂರ್ತಿಯೇ ತೆಗೆಯಲು ಹೋದಾಗ ಸುಮಿತಾ ತಡೆದಳು.

"ಅವು ಇರಲಿ. ಪಕ್ಕಕ್ಕೆ ಬಾಗದ ಹಾಗೆ ದಾರಿ ತೋರಿಸೋಕೆ ಅವು ಬೇಕು. ಬಿಗಿ ಮಾತ್ರ ಬೇಡ. ಎರಡು ತುದಿಯಲ್ಲಷ್ಟೇ ಗಟ್ಟಿ ಹಿಡಿ."

"ಎಲ್ಡೇ ತಾವಾ? ಉಳಿದಿದ್ದಕ್ಕೆಲ್ಲ ಸ್ಪ್ಯಾನರ್ ಮುಟ್ಟಂಗಿಲ್ವಾ?"

"ತಾತನ ಕೈಯಿಂದ ಸ್ಪ್ಯಾನರ್ ಕಿತ್ಕೊಳ್ಳಿ ಮೇಡಂ," ಎಂದ ಶ್ರೀಧರ್. "ಇಲ್ಲಾಂದ್ರೆ ನೀವು ರೈಲತ್ತೋ ಹೊತ್ಗೆ ಮತ್ತೆ ಬಿಗೀತಾನೆ."

"ನಿನ್ ಬಾಯ್ಗೊಂದು ಕ್ಲಾಂಪ್ ಆಕ್ತೀನಿ ಕಣ್ಲಾ."

ಗೋಡೆಯ ಹಿಡಿತವನ್ನು ಬಿಚ್ಚಿ, ಬಾಗಿಗಿಂತ ಮೊದಲೇ ಸಿಗುವ ಇನ್ನೊಂದು ಕಾಂಕ್ರೀಟ್ ಕಂಬಕ್ಕೆ ಹಾಕಿದ್ದಾಯಿತು. ಫ್ಲಾಂಜಿಗೆ ಸೋರಿಕೆ ತಡೆಯುವ ಹೊಸ ಗ್ಯಾಸ್ಕೆಟ್ ಬಂತು. ಸಂಜೆಗೆ ಎಲ್ಲರ ಭುಜವೂ ಬಿದ್ದುಹೋಗಿತ್ತು. ಸುಮಿತಾ ಲೂಪಿನ ಹತ್ತಿರದ ಬ್ರಾಕೆಟ್ಟಿನ ನೇರಕ್ಕೆ ಪೈಪಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು.

ಶ್ರೀಧರ್ ಬಾಯ್ಲರ್ ಹಚ್ಚಿದ. ಕುಪ್ಪುಸ್ವಾಮಿ ಕಲಾಳನ್ನು ದೂರ ಕಳಿಸಿ, ಜಿನುಗುತ್ತಿದ್ದ ಫ್ಲಾಂಜಿನ ಕೆಳಗೆ ತಾನೇ ಹೋಗಿ ನಿಂತ.

"ಅಲ್ಲಿ ಯಾಕೆ ನಿಂತೆ? ಬಾ ಈಚೆಗೆ!" ಕಲಾ ಕೂಗಿದಳು.

"ಸುಮ್ನಿರು."

ಪೈಪು ಕಿರ್ ಎಂದಿತು. ಅವನ ಬಲಗೈ ತಾನಾಗಿಯೇ ಸೊಂಟದ ಸ್ಪ್ಯಾನರಿಗೆ ಹೋಯಿತು. ಹಿಡಿದ, ಎಳೆಯಲಿಲ್ಲ. ಮತ್ತೊಮ್ಮೆ ಕಿರ್ ಎಂದಿತು. ಬಿಸಿ ಮೈಗೆ ತಟ್ಟತೊಡಗಿತು. ಲೂಪಿನ ಬಳಿ ನಿಂತ ಸುಮಿತಾ ಕೂಗಿ ಹೇಳಿದಳು: ಗೆರೆ ಸರಿಯುತ್ತಿದೆ. ನೀರು ಎಂಬತ್ತೈದು ಮುಟ್ಟಿದಾಗ ಗೆರೆ ಬೆರಳಗಲ, ಹದಿನಾಲ್ಕು ಮಿಲಿಮೀಟರ್, ಲೂಪಿನ ಕಡೆಗೆ ಹೋಗಿತ್ತು. ಉಳಿದರ್ಧ ಆಚೆ ಬದಿಯಿಂದ ಬಂದಿತ್ತು.

ಫ್ಲಾಂಜು ಒಣಗಿಯೇ ಇತ್ತು.

ಕುಪ್ಪುಸ್ವಾಮಿ ನಂಬಲಿಲ್ಲ. ಒಮ್ಮೆ ಆರಿಸಿ, ತಣಿಸಿ, ಮತ್ತೆ ಕಾಯಿಸಿದ ಮೇಲೆ ಫ್ಲಾಂಜಿನ ಸುತ್ತ ಹಳೇ ಬನಿಯನ್ ತುಂಡನ್ನು ಕೋಲಿಗೆ ಸುತ್ತಿ ಒರೆಸಿದ. ತುಂಡು ಒದ್ದೆಯಾಗಲಿಲ್ಲ.

"ನಿಲ್ಲಬೌದಾ ಅಪ್ಪಾ? ತೊಳ್ಯೋ ಕ್ಯಾನು ಬೇಕಾದಷ್ಟವೆ."

"ಗೋಡೆ ಕಟ್ಟೋ ಗಂಟ ಈ ಕಡೆ ಒಸಿ ಸರಿದು ನಿಂತ್ಕ," ಎಂದು ಅವನು ಕಟ್ಟೆಯಿಂದ ಇಳಿದ. ಅವಳು ಕೊಳಾಯಿ ತಿರುಗಿಸಿದಳು. ಆವಿ ಎದ್ದು ಅವಳ ಮುಖ ಮುಚ್ಚಿತು. ಅವನು ಒಣ ಕ್ಯಾನೊಂದನ್ನು ಬೋರಲು ಹಾಕಿ, ಅದರ ಮೇಲೆ ಕುಳಿತು ನೋಡುತ್ತಲೇ ಇದ್ದ.